ಅಶ್ವಗಂಧವೂ ಥೈರಾಯ್ಡ್ ಗ್ರಂಥಿಯೂ: ಪ್ರಮಾಣಗಳ ಒಂದು ವಿವೇಚನೆ

ಅಶ್ವಗಂಧವೆಂಬ ಹೆಸರು ನಮ್ಮ ವೈದ್ಯಗ್ರಂಥಗಳಿಗೆ ಹೊಸದಲ್ಲ. ಕನ್ನಡದಲ್ಲಿ ಹಿರೇಮದ್ದು ಎನಿಸಿಕೊಳ್ಳುವ ಈ ಗಿಡ ಬದನೆಯ ಕುಟುಂಬಕ್ಕೆ ಸೇರಿದ್ದು; ಸಸ್ಯಶಾಸ್ತ್ರಜ್ಞರು ಇದನ್ನು ವಿಥೇನಿಯ ಸೋಮ್ನಿಫೆರ ಎಂದು ಕರೆಯುತ್ತಾರೆ. ಇದರ ಬೇರಿಗೆ ಕುದುರೆಯ ಮೈವಾಸನೆ ಇರುವುದರಿಂದ ಸಂಸ್ಕೃತದ ಹೆಸರು ಬಂದಿದೆ. ಹಿಂದೆ ವೈದ್ಯರು ರೋಗಿಯನ್ನು ನೋಡಿ ಕೊಡುತ್ತಿದ್ದ ಈ ಬೇರು ಇಂದು ಗುಳಿಗೆಯ ರೂಪದಲ್ಲಿ, ಯಾರ ಸಲಹೆಯೂ ಇಲ್ಲದೆ, ಮನಸ್ಸಿನ ಒತ್ತಡಕ್ಕೂ ನಿದ್ರಾಭಂಗಕ್ಕೂ ಪರಿಹಾರವೆಂದು ಮಾರಾಟವಾಗುತ್ತಿದೆ. ಇದನ್ನು ಸೇವಿಸುವವರಲ್ಲಿ ಅನೇಕರು ಬೇರೆ ಔಷಧಗಳನ್ನೂ ದಿನವೂ ಸೇವಿಸುತ್ತಿರುವವರೇ. ಆದಕಾರಣ ಎರಡು ಪ್ರಶ್ನೆಗಳು ಏಳುತ್ತವೆ. ಈ ಬೇರಿನ ಗುಣದ ಬಗೆಗೆ ಇರುವ ಪ್ರಮಾಣ ಎಷ್ಟು ಗಟ್ಟಿಯಾದುದು? ಇತರ ಔಷಧಗಳೊಡನೆ ಇದು ಸೇರಿದಾಗ ಏನಾಗುತ್ತದೆ? ಈ ಎರಡನೆಯ ಪ್ರಶ್ನೆಯನ್ನು ಥೈರಾಯ್ಡ್ ಗ್ರಂಥಿಯ ಉದಾಹರಣೆಯಿಂದ ವಿವೇಚಿಸುವುದು ನಮ್ಮ ಉದ್ದೇಶ.

1. ಒತ್ತಡವನ್ನು ಕುರಿತ ಪ್ರಯೋಗಗಳು

ಮೊದಲು ಅನುಕೂಲವಾದ ಪ್ರಮಾಣವನ್ನೇ ನೋಡೋಣ. 2012ರಲ್ಲಿ ಪ್ರಕಟವಾದ ಹೈದರಾಬಾದಿನ ಒಂದು ಪ್ರಯೋಗದಲ್ಲಿ ಒತ್ತಡದಿಂದ ಬಳಲುತ್ತಿದ್ದ 64 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿನವರು ಬೇರಿನ ಸಾರವನ್ನು ದಿನಕ್ಕೆರಡು ಬಾರಿ 300 ಮಿಲಿಗ್ರಾಮಿನಂತೆ 60 ದಿನ ಸೇವಿಸಿದರು. ಇನ್ನೊಂದು ಗುಂಪಿಗೆ ಔಷಧಾಂಶವಿಲ್ಲದ ಹುಸಿಗುಳಿಗೆಗಳನ್ನು ಕೊಡಲಾಯಿತು. ಒತ್ತಡವನ್ನು ಅಳೆಯುವ ಪ್ರಶ್ನಾವಳಿಯ ಅಂಕಗಳು ಮೊದಲ ಗುಂಪಿನಲ್ಲಿ ಶೇಕಡ 44ರಷ್ಟೂ ಎರಡನೆಯದರಲ್ಲಿ ಸುಮಾರು ಶೇಕಡ 5ರಷ್ಟೂ ಇಳಿದವು. ರಕ್ತದಲ್ಲಿನ ಕಾರ್ಟಿಸಾಲ್ ಎಂಬ ಹಾರ್ಮೋನು ಮೊದಲ ಗುಂಪಿನಲ್ಲಿ ಶೇಕಡ 28ರಷ್ಟು ಕಡಮೆಯಾಯಿತು. ಆಮೇಲೆ ನಡೆದ ಹಲವು ಪ್ರಯೋಗಗಳ ಫಲವೂ ಹೆಚ್ಚುಕಡಮೆ ಇದೇ ದಿಕ್ಕಿನಲ್ಲಿದೆ.

ಹೀಗಿರುವಾಗ ಪ್ರಮಾಣವೇ ಇಲ್ಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಇದರ ಮಿತಿಗಳನ್ನೂ ಗಮನಿಸಬೇಕು. ಒಂದೊಂದು ಪ್ರಯೋಗದಲ್ಲಿಯೂ ಭಾಗವಹಿಸಿದವರು ಸಾಮಾನ್ಯವಾಗಿ ನೂರರ ಆಸುಪಾಸಿನವರು ಅಥವಾ ಅದಕ್ಕೂ ಕಡಮೆ. ಅವಧಿ ಎರಡು ಮೂರು ತಿಂಗಳು ಮಾತ್ರ. ಅಳತೆ ಬಹುಮಟ್ಟಿಗೆ ರೋಗಿಯ ಸ್ವಂತ ಹೇಳಿಕೆಯದು. ಅನೇಕ ಪ್ರಯೋಗಗಳಿಗೆ ಸಾರವನ್ನೊದಗಿಸಿದವರೂ ಹಣವನ್ನೊದಗಿಸಿದವರೂ ಅದರ ತಯಾರಕರೇ. ಮೇಲಾಗಿ ಬೇರೆ ಔಷಧಗಳನ್ನು ಸೇವಿಸುತ್ತಿರುವವರನ್ನೂ ದೀರ್ಘವ್ಯಾಧಿಯುಳ್ಳವರನ್ನೂ ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ‘ಯಾವ ತೊಂದರೆಯೂ ಕಂಡುಬರಲಿಲ್ಲ’ ಎಂಬ ಅವುಗಳ ಮಾತು ಅಂಥವರಿಗೆ ಅನ್ವಯಿಸುವುದಿಲ್ಲ. ಅಂಗಡಿಯಲ್ಲಿ ಗುಳಿಗೆಯನ್ನು ಕೊಳ್ಳುವವರಾದರೋ ಎಷ್ಟೋ ವೇಳೆ ಅವರೇ.

2. ಒಂದೇ ಹೆಸರು, ಬೇರೆ ಬೇರೆ ವಸ್ತುಗಳು

ಪ್ರಮಾಣವನ್ನು ತೂಗುವಾಗ ಮತ್ತೊಂದು ತೊಡಕಿದೆ. ಅಶ್ವಗಂಧದ ಮುಖ್ಯ ರಾಸಾಯನಿಕಗಳನ್ನು ವಿಥನೋಲೈಡುಗಳೆಂದು ಕರೆಯುತ್ತಾರೆ. ಶೇಕಡ 5ರಷ್ಟು ವಿಥನೋಲೈಡುಳ್ಳ ಸಾರವನ್ನು ದಿನಕ್ಕೆ 600 ಮಿಲಿಗ್ರಾಂ ಸೇವಿಸಿದವನಿಗೆ ಅದರಲ್ಲಿ ದೊರೆಯುವುದು 30 ಮಿಲಿಗ್ರಾಂ. ಶೇಕಡ 35ರಷ್ಟಿರುವ ಇನ್ನೊಂದು ಸಾರವನ್ನು 240 ಮಿಲಿಗ್ರಾಂ ಸೇವಿಸಿದವನಿಗೆ 84 ಮಿಲಿಗ್ರಾಂ. ಗುಳಿಗೆಯ ತೂಕ ಅರ್ಧಕ್ಕಿಂತ ಕಡಮೆ, ಒಳಗಿನ ಅಂಶವೋ ಸುಮಾರು ಮೂರರಷ್ಟು. ಮನೆಯಲ್ಲಿ ಹಾಲಿಗೆ ಹಾಕಿಕೊಳ್ಳುವ ಬೇರಿನ ಚೂರ್ಣದ ರೂಢಿಯ ಪ್ರಮಾಣ 3ರಿಂದ 6 ಗ್ರಾಂ; ಅದರಲ್ಲಿ ವಿಥನೋಲೈಡು ಎಷ್ಟಿರುವುದೆಂಬುದು ಬೆಳೆದ ನೆಲ, ಕೊಯ್ಲಿನ ಕಾಲ ಇವುಗಳನ್ನು ಅವಲಂಬಿಸಿದೆ. ಎಲೆಗಳಲ್ಲಿ ರಾಸಾಯನಿಕಗಳ ಪಾಕವೇ ಬೇರೆ. ಬೇರಿನ ಬದಲು ಎಲೆಯನ್ನು ಬಳಸಬಾರದೆಂದು ಕೇಂದ್ರ ಆಯುಷ್ ಸಚಿವಾಲಯವು 2021ರಲ್ಲಿ ತಯಾರಕರಿಗೆ ಸೂಚಿಸಿತು. ಹೀಗಾಗಿ ಒಂದು ಸಾರದ ಮೇಲೆ ನಡೆದ ಪ್ರಯೋಗದ ಫಲವನ್ನು ಮತ್ತೊಂದಕ್ಕೆ ಹೇಳುವಂತಿಲ್ಲ.

3. ಔಷಧಗಳು ಪರಸ್ಪರ ಸೇರುವ ಬಗೆ

ಒಂದು ಮೂಲಿಕೆಯು ಇನ್ನೊಂದು ಔಷಧದ ಕೆಲಸವನ್ನು ಎರಡು ಬಗೆಯಲ್ಲಿ ಕೆಡಿಸಬಹುದು. ಮೊದಲನೆಯ ಬಗೆಯಲ್ಲಿ ಅದು ಔಷಧವು ದೇಹದಿಂದ ವಿಸರ್ಜನೆಯಾಗುವ ವೇಗವನ್ನೇ ಬದಲಾಯಿಸುತ್ತದೆ. ಯೂರೋಪಿನಲ್ಲಿ ಖಿನ್ನತೆಗೆ ಬಳಕೆಯಲ್ಲಿರುವ ಹೈಪೆರಿಕಂ ಎಂಬ ಗಿಡ ಇದಕ್ಕೆ ನಿದರ್ಶನ. ಅದು ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುವುದರಿಂದ ಹಲವು ಔಷಧಗಳು ಬೇಗ ನಾಶವಾಗುತ್ತವೆ. ಬದಲಿ ಹೃದಯ ಪಡೆದ ಇಬ್ಬರು ರೋಗಿಗಳು ಈ ಗಿಡದ ಸಾರವನ್ನು ಸೇವಿಸಿದುದರಿಂದ ಅವರ ರಕ್ತದಲ್ಲಿ ಸೈಕ್ಲೊಸ್ಪೊರಿನ್ ಔಷಧ ಇಳಿದು, ದೇಹವು ಹೊಸ ಹೃದಯವನ್ನು ತಿರಸ್ಕರಿಸತೊಡಗಿದ ವೃತ್ತಾಂತವು 2000ದಲ್ಲಿ ಜೂರಿಚ್ ನಗರದಿಂದ ವರದಿಯಾಯಿತು.

ಅಶ್ವಗಂಧದ ವಿಷಯದಲ್ಲಿ ಇಂಥ ಪರಿಣಾಮ ಮಾನವರಲ್ಲಿ ದೃಢಪಟ್ಟಿಲ್ಲ. ಇದರ ಬಗೆಗಿನ ಶಂಕೆ ಎರಡನೆಯ ಬಗೆಯದು: ಔಷಧವನ್ನು ಮುಟ್ಟದೆ, ಔಷಧವು ಮಾಡುವ ಕೆಲಸವನ್ನೇ ತಾನೂ ಸ್ವಲ್ಪ ಮಾಡುವುದು. ನಿದ್ರೆಯ ಗುಳಿಗೆಯೊಡನೆ ಮಂಪರು ಹೆಚ್ಚಬಹುದು. ಸಕ್ಕರೆಯ ಕಾಯಿಲೆಯ ಔಷಧದೊಡನೆ ರಕ್ತದ ಸಕ್ಕರೆ ಅಗತ್ಯಕ್ಕಿಂತ ಇಳಿಯಬಹುದು. ಇವುಗಳಲ್ಲಿ ಥೈರಾಯ್ಡಿನ ಸಂಗತಿಗೆ ಪ್ರಮಾಣದ ಒಂದು ಸರಣಿಯೇ ಇರುವುದರಿಂದ ಅದನ್ನು ವಿಸ್ತಾರವಾಗಿ ನೋಡುವುದು ಉಚಿತ.

4. ಥೈರಾಯ್ಡಿನ ಮೇಲಣ ಪರಿಣಾಮ

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಥೈರಾಕ್ಸಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನಿನ ಮೂಲಕ ಅದಕ್ಕೆ ಆಜ್ಞೆ ಕೊಡುತ್ತದೆ. ಥೈರಾಕ್ಸಿನ್ ಹೆಚ್ಚಾದರೆ ಟಿ.ಎಸ್.ಎಚ್. ಇಳಿಯುತ್ತದೆ, ಕಡಮೆಯಾದರೆ ಏರುತ್ತದೆ.

1998ರಲ್ಲಿ ಇಂದೋರಿನ ಸಂಶೋಧಕರು ಅಶ್ವಗಂಧದ ಬೇರಿನ ಸಾರ ಕೊಟ್ಟ ಗಂಡು ಇಲಿಗಳ ರಕ್ತದಲ್ಲಿ ಥೈರಾಕ್ಸಿನ್ ಹೆಚ್ಚಿದುದನ್ನು ಪ್ರಕಟಿಸಿದರು. 2005ರಲ್ಲಿ ನೆದರ್ಲೆಂಡ್ಸ್ ದೇಶದಿಂದ ಒಬ್ಬ ಮಹಿಳೆಯ ವೃತ್ತಾಂತ ಬಂದಿತು. ಅಶ್ವಗಂಧ ಸೇವಿಸುತ್ತಿದ್ದಾಗ ಆಕೆಯಲ್ಲಿ ಥೈರಾಯ್ಡ್ ಹಾರ್ಮೋನಿನ ಅತಿರೇಕದ ಲಕ್ಷಣಗಳು ಕಾಣಿಸಿಕೊಂಡು, ನಿಲ್ಲಿಸಿದ ಮೇಲೆ ಶಮನವಾದವು. 2018ರಲ್ಲಿ ಪ್ರಕಟವಾದ ಭಾರತದ ಪ್ರಯೋಗವೊಂದರಲ್ಲಿ, ಥೈರಾಯ್ಡಿನ ಶಕ್ತಿ ಸ್ವಲ್ಪ ಕುಂದಿದ್ದ 50 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಸಾರವನ್ನು 8 ವಾರ ಕೊಡಲಾಯಿತು. ಹುಸಿಗುಳಿಗೆಯ ಗುಂಪಿಗೆ ಹೋಲಿಸಿದಾಗ ಅವರಲ್ಲಿ ಟಿ.ಎಸ್.ಎಚ್. ಇಳಿದು ಥೈರಾಕ್ಸಿನ್ ಏರಿತು. ಪ್ರಯೋಗ ಚಿಕ್ಕದು, ಆದರೆ ಪ್ರಾಣಿಗಳಲ್ಲಿಯೂ ಬಿಡಿರೋಗಿಯಲ್ಲಿಯೂ ಹೋಲಿಕೆಯ ಪ್ರಯೋಗದಲ್ಲಿಯೂ ಫಲ ಒಂದೇ ದಿಕ್ಕಿಗಿದೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪ್ರಯೋಗಕಾರರು ಇದನ್ನು ಗುಣವೆಂದು ವರದಿಮಾಡಿದರು. ಅದಾಗಲೇ ಥೈರಾಕ್ಸಿನ್ ಗುಳಿಗೆಯನ್ನು ಸೇವಿಸುತ್ತಿರುವವರ ಮಟ್ಟಿಗೆ ಅದೇ ಗುಣವು ದೋಷವಾಗಬಲ್ಲದು.

5. ಒಂದು ನಿದರ್ಶನ

ವಿಷಯ ಸ್ಪಷ್ಟವಾಗುವುದಕ್ಕಾಗಿ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಕಾಲೇಜಿನ ಅಧ್ಯಾಪಿಕೆಯೊಬ್ಬರು ಹಲವು ವರ್ಷಗಳಿಂದ ದಿನಕ್ಕೆ 75 ಮೈಕ್ರೋಗ್ರಾಂ ಥೈರಾಕ್ಸಿನ್ ಸೇವಿಸುತ್ತಿದ್ದಾರೆ, ಅವರ ಟಿ.ಎಸ್.ಎಚ್. 2.4, ಎಂದರೆ ಸರಿಯಾದ ಮಟ್ಟದಲ್ಲಿದೆ. ಪರೀಕ್ಷೆಯ ಕಾಲದ ಒತ್ತಡಕ್ಕೆಂದು ಅವರು ಅಶ್ವಗಂಧದ ಸಾರವನ್ನು ದಿನಕ್ಕೆ 600 ಮಿಲಿಗ್ರಾಮಿನಂತೆ ಪ್ರಾರಂಭಿಸುತ್ತಾರೆ. ಆರನೆಯ ವಾರದ ಹೊತ್ತಿಗೆ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ರೆ ಬಾರದಿರುವುದು ಮೊದಲಾಗುತ್ತವೆ. ಇವು ಒತ್ತಡದ ಲಕ್ಷಣಗಳೂ ಹೌದು, ಥೈರಾಕ್ಸಿನ್ನಿನ ಅತಿರೇಕದ ಲಕ್ಷಣಗಳೂ ಹೌದು. ಒತ್ತಡವೇ ಹೆಚ್ಚಿತೆಂದು ಭಾವಿಸಿ ಅವರು ಇನ್ನೊಂದು ಗುಳಿಗೆಯನ್ನು ಹೆಚ್ಚಿಸಿಕೊಂಡರೆ ಆಶ್ಚರ್ಯವಿಲ್ಲ. ಅಪಾಯ ಇರುವುದು ಇಲ್ಲಿಯೇ: ಮೂಲಿಕೆಯು ತರುವ ತೊಂದರೆಯು, ಅದನ್ನು ಯಾವ ತೊಂದರೆಗಾಗಿ ಸೇವಿಸಿದರೋ ಅದರ ವೇಷವನ್ನೇ ಧರಿಸಿ ಬರುತ್ತದೆ.

ಎರಡು ತಿಂಗಳ ಮೇಲೆ ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. 0.2ಕ್ಕೆ ಇಳಿದಿರುತ್ತದೆ. ಅಶ್ವಗಂಧ ತಮ್ಮ ದೃಷ್ಟಿಯಲ್ಲಿ ಔಷಧವಲ್ಲವಾದ್ದರಿಂದ ಅವರು ಅದನ್ನು ವೈದ್ಯರಿಗೆ ಹೇಳಿರುವುದಿಲ್ಲ. ವೈದ್ಯರು ಥೈರಾಕ್ಸಿನ್ನನ್ನು 50ಕ್ಕೆ ಇಳಿಸುತ್ತಾರೆ. ಪರೀಕ್ಷೆಗಳು ಮುಗಿಯುತ್ತವೆ, ಅಶ್ವಗಂಧವೂ ನಿಲ್ಲುತ್ತದೆ. ಈಗ ಗುಳಿಗೆಯೂ ಕಡಮೆ, ಮೂಲಿಕೆಯ ಪ್ರೇರಣೆಯೂ ಇಲ್ಲ. ಮತ್ತೆರಡು ತಿಂಗಳಲ್ಲಿ ಆಯಾಸ, ಮೈಭಾರ, ಮಲಬದ್ಧತೆ ತೋರಿ ಟಿ.ಎಸ್.ಎಚ್. 9ಕ್ಕೆ ಏರುತ್ತದೆ. ಮೊದಲಿನ 75 ಮೈಕ್ರೋಗ್ರಾಂ ಎಂದೂ ತಪ್ಪಾಗಿರಲಿಲ್ಲ. ಲೆಕ್ಕಕ್ಕೆ ಬಾರದ ಒಂದು ವಸ್ತುವು ಲೆಕ್ಕವನ್ನೆಲ್ಲ ಕೆಡಿಸಿತು.

6. ಕಂಡುಹಿಡಿಯುವ ಕ್ರಮ

ಟಿ.ಎಸ್.ಎಚ್. ಇಳಿದ ಮಾತ್ರಕ್ಕೆ ಅಶ್ವಗಂಧವೇ ಕಾರಣವೆಂದು ನಿರ್ಣಯಿಸುವುದೂ ಸರಿಯಲ್ಲ. ಕೂದಲಿನ ಪೋಷಣೆಗೆಂದು ಮಾರುವ ಗುಳಿಗೆಗಳಲ್ಲಿ ಬಯೋಟಿನ್ ಎಂಬ ಜೀವಸತ್ತ್ವ ಬಹಳವಾಗಿರುತ್ತದೆ. ಅದು ಕೆಲವು ಪ್ರಯೋಗಶಾಲೆಗಳ ಪರೀಕ್ಷಾವಿಧಾನವನ್ನೇ ದಾರಿತಪ್ಪಿಸಿ, ದೇಹದಲ್ಲಿ ಯಾವ ಬದಲಾವಣೆಯೂ ಇಲ್ಲದಿರುವಾಗಲೂ ಟಿ.ಎಸ್.ಎಚ್. ಕಡಮೆಯೆಂದು ತೋರಿಸಬಲ್ಲದು. ಇದಕ್ಕೆ ವಿರುದ್ಧವಾಗಿ, ಥೈರಾಕ್ಸಿನ್ ಗುಳಿಗೆಯ ಹಿಂದೆಯೇ ಹಾಲಿನಲ್ಲಿ ಚೂರ್ಣ ಕುಡಿದರೆ, ಹಾಲಿನ ಸುಣ್ಣದಂಶದಿಂದ ಗುಳಿಗೆಯು ರಕ್ತಕ್ಕೆ ಸೇರುವುದು ಕಡಮೆಯಾಗಿ ಟಿ.ಎಸ್.ಎಚ್. ಏರುವ ಕಡೆಗೆ ತಿರುಗುತ್ತದೆ.

ಆದ್ದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿ, ಥೈರಾಕ್ಸಿನ್ನಿನ ಪ್ರಮಾಣವನ್ನು ಬದಲಿಸದೆ, ಮೂಲಿಕೆಯನ್ನು ಮಾತ್ರ ನಿಲ್ಲಿಸಿ, 6ರಿಂದ 8 ವಾರಗಳ ಅನಂತರ ಪುನಃ ಪರೀಕ್ಷಿಸುವುದು ಸರಿಯಾದ ಮಾರ್ಗ. ಥೈರಾಕ್ಸಿನ್ನಿನ ಅರ್ಧಾಂಶ ರಕ್ತದಿಂದ ಮರೆಯಾಗಲು ಸುಮಾರು ಒಂದು ವಾರ ಬೇಕು, ಟಿ.ಎಸ್.ಎಚ್. ಹೊಸ ಸ್ಥಿತಿಗೆ ನಿಲ್ಲುವುದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಅದಕ್ಕಿಂತ ಮುಂಚಿನ ಪರೀಕ್ಷೆ ಹಳೆಯ ಸ್ಥಿತಿಯ ನೆರಳನ್ನೇ ತೋರಿಸೀತು. ಎದೆಬಡಿತ ತೀವ್ರವಾಗಿರುವವರೂ ಹೃದ್ರೋಗಿಗಳೂ ಮಾತ್ರ ಹೀಗೆ ಕಾಯತಕ್ಕದ್ದಲ್ಲ; ಅವರ ಚಿಕಿತ್ಸೆ ತಡಮಾಡದೆ ನಡೆಯಬೇಕು.

ಯಕೃತ್ತಿನ ಮಾತನ್ನೂ ಇಲ್ಲಿ ಬಿಡುವಂತಿಲ್ಲ. 2020ರಲ್ಲಿ ಐಸ್‌ಲೆಂಡ್ ಮತ್ತು ಅಮೆರಿಕಗಳಿಂದ ಐವರ ವೃತ್ತಾಂತ ಪ್ರಕಟವಾಯಿತು. ಅಶ್ವಗಂಧ ಸೇವನೆ ಪ್ರಾರಂಭವಾದ 2ರಿಂದ 12 ವಾರಗಳಲ್ಲಿ ಅವರಿಗೆ ಕಾಮಾಲೆ ಬಂದಿತ್ತು. ಅವರಲ್ಲಿ ನಾಲ್ವರು ಚೇತರಿಸಿಕೊಂಡದ್ದು ವರದಿಯಾಗಿದೆ. ಆದರೆ 2023ರಲ್ಲಿ ಭಾರತದಿಂದ ಪ್ರಕಟವಾದ ವರದಿಯಲ್ಲಿ, ಮೊದಲೇ ಯಕೃತ್ತಿನ ರೋಗವಿದ್ದ ಮೂವರು ತೀರಿಕೊಂಡರು. ಇಂಥ ಪ್ರಸಂಗಗಳು ವಿರಳವೆಂದೇ ತೋರುತ್ತದೆ. ಆದರೂ ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಮೈ ನವೆ ಇವು ಕಂಡೊಡನೆ ಗುಳಿಗೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಒಟ್ಟಿನಲ್ಲಿ, ಒತ್ತಡದ ಮೇಲೆ ಅಶ್ವಗಂಧದ ಗುಣವು ಅಲ್ಪಾವಧಿಯ ಸಣ್ಣ ಪ್ರಯೋಗಗಳಿಂದ ಸಮರ್ಥಿತವಾಗಿದೆ. ಥೈರಾಯ್ಡಿನ ಮೇಲೆ ಅದರ ಪರಿಣಾಮಕ್ಕೆ ಇರುವ ಸಾಕ್ಷ್ಯವೂ ಅಷ್ಟೇ ಸಣ್ಣದು. ಮೊದಲನೆಯದನ್ನು ನಂಬಿ ಗುಳಿಗೆಯನ್ನು ಕೊಳ್ಳುವವರು ಎರಡನೆಯದನ್ನು ನಂಬಲಾರೆವೆನ್ನುವುದು ತರ್ಕಕ್ಕೆ ನಿಲ್ಲದು. ದೇಹದಲ್ಲಿ ಕೆಲಸ ಮಾಡುವಷ್ಟು ಶಕ್ತಿ ಈ ಬೇರಿಗಿದ್ದರೆ, ವೈದ್ಯರ ಮುಂದೆ ಔಷಧಗಳ ಹೆಸರನ್ನು ಹೇಳುವಾಗ ಇದರ ಹೆಸರನ್ನೂ, ಸಾರದ ಪ್ರಮಾಣವನ್ನೂ, ಪ್ರಾರಂಭಿಸಿದ ದಿನವನ್ನೂ ಹೇಳಲೇಬೇಕಾಗುತ್ತದೆ.