ಪರಿಹಾರಕ್ಕಿಲ್ಲದ ತೆರಿಗೆ ಬಡ್ಡಿಗಿದೆ

ಹೆದ್ದಾರಿಗೆ ಹೊಲ ಕೊಟ್ಟ ರೈತರೊಬ್ಬರಿಗೆ ಪರಿಹಾರ 40 ಲಕ್ಷ, ತಡವಾದದ್ದಕ್ಕೆ ಬಡ್ಡಿ 6 ಲಕ್ಷ ಬಂತು ಎನ್ನಿ. ಹೊಲ ಗ್ರಾಮೀಣ ಕೃಷಿ ಜಮೀನಾದರೆ ಆ 40 ಲಕ್ಷಕ್ಕೆ ತೆರಿಗೆಯಿಲ್ಲ. ಪಹಣಿಯಲ್ಲಿ ಹಳ್ಳಿಯ ಹೆಸರಿದ್ದರಷ್ಟೇ ಸಾಲದು. ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ಗಡಿಯಿಂದ ಹೊಲ 8 ಕಿ.ಮೀ. ಆಚೆಗಿರಬೇಕು. ಅಳೆಯುವುದು ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ. ಸಣ್ಣ ಊರುಗಳಿಗೆ ಈ ಅಂತರ ಕಡಿಮೆ.

ಜನ ಎಡವುವುದು ಬಡ್ಡಿಯಲ್ಲಿ. ಎಷ್ಟು ವರ್ಷದ ಬಾಕಿಯೇ ಇರಲಿ, ಅದು ಕೈಗೆ ಬಂದ ವರ್ಷದ ಆದಾಯ. ಅರ್ಧ ಕಳೆದು 3 ಲಕ್ಷವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ವಕೀಲರ ಫೀಸನ್ನು ಬೇರೆಯಾಗಿ ಕಳೆಯುವಂತಿಲ್ಲ. ಟಿಡಿಎಸ್ ಮಾತ್ರ ಪೂರ್ತಿ 6 ಲಕ್ಷದ ಮೇಲೆ, ಶೇ 10ರಂತೆ 60,000. ಪ್ಯಾನ್ ಕೊಡದಿದ್ದರೆ ಶೇ 20. ಬೇರೆ ಆದಾಯವಿಲ್ಲದವರು ರಿಟರ್ನ್ ಸಲ್ಲಿಸಿದರೆ ಮುರಿದುಕೊಂಡ ಹಣ ವಾಪಸ್ ಬರುತ್ತದೆ.