ಮೂರು ವಾರದ ಮೌನ

2011ರ ಜೂನ್ ತಿಂಗಳಲ್ಲಿ 43 ವರ್ಷದ ಮಹಿಳೆಯೊಬ್ಬರನ್ನು ನ್ಯೂಯಾರ್ಕ್‌ನ ಆಸ್ಪತ್ರೆಯಿಂದ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾಕ್ಕೆ ಕರೆತರಲಾಯಿತು. ಅಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕ್ಲಿನಿಕಲ್ ಸೆಂಟರ್ ಸಂಶೋಧನೆಗೆಂದೇ ಕಟ್ಟಿದ ಆಸ್ಪತ್ರೆ. ಆಕೆಯ ದೇಹದಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯ ಇದೆ, ಅದು ಮೆರೊಪೆನೆಮ್‌ನಂಥ ಕೊನೆಯ ಸಾಲಿನ ಆ್ಯಂಟಿಬಯೋಟಿಕ್‌ಗಳಿಗೂ ಬಗ್ಗುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿತ್ತು. ಹಾಗಾಗಿ ಅವರನ್ನು ಪ್ರತ್ಯೇಕ ಕೋಣೆಯಲ್ಲಿಟ್ಟರು. ಒಳಗೆ ಹೋಗುವವರೆಲ್ಲ ಗೌನು, ಗ್ಲೌಸ್ ತೊಟ್ಟೇ ಹೋಗುತ್ತಿದ್ದರು. ಜುಲೈ 15ರಂದು ಆಕೆ ಆಸ್ಪತ್ರೆಯಿಂದ ಬಿಡುಗಡೆಯಾದರು. ಬೇರೆ ಯಾರಿಗೂ ಸೋಂಕು ಹರಡಿದ ಸುಳಿವು ಇರಲಿಲ್ಲ.

ಮೂರು ವಾರದ ನಂತರ, ಆಗಸ್ಟ್ 5ರಂದು, ಇನ್ನೊಬ್ಬ ರೋಗಿಯ ಶ್ವಾಸನಾಳದ ಸ್ಯಾಂಪಲ್‌ನಲ್ಲಿ ಅದೇ ಜಾತಿಯ, ಅದೇ ಬಗೆಯ ಔಷಧ ನಿರೋಧವಿದ್ದ ಬ್ಯಾಕ್ಟೀರಿಯ ಬೆಳೆಯಿತು. ಆಮೇಲೆ ಹೆಚ್ಚುಕಡಿಮೆ ವಾರಕ್ಕೊಬ್ಬರಂತೆ ಪಟ್ಟಿ ಬೆಳೆಯುತ್ತ ಹೋಗಿ, ಒಟ್ಟು 18 ಮಂದಿಗೆ ಅದು ತಗುಲಿತು. ಅವರಲ್ಲಿ 11 ಮಂದಿ ತೀರಿಕೊಂಡರು. ಆರು ಸಾವುಗಳಿಗೆ ಈ ಸೋಂಕೇ ಕಾರಣ ಎಂದು ವೈದ್ಯರು ತೀರ್ಮಾನಿಸಿದರು.

ಮನೆಗೆ ಹೋದ ರೋಗಿಯಿಂದ ಮೂರು ವಾರ ಕಳೆದ ಮೇಲೆ ಸೋಂಕು ಬಂತೇ? ಅಥವಾ ಹೊರಗಿನಿಂದ ಬೇರೊಬ್ಬರು ತಂದರೇ? ಉತ್ತರ ಯಾವುದೆಂಬುದರ ಮೇಲೆ ಮುಂದಿನ ಕೆಲಸ ನಿಂತಿತ್ತು. ಹೊರಗಿನಿಂದ ಬಂದಿದ್ದರೆ ದಾಖಲಾಗುವವರನ್ನು ತಪಾಸಿಸಬೇಕು. ಒಳಗೇ ಹರಡಿದ್ದರೆ ವಾರ್ಡಿನೊಳಗೆ ಎಲ್ಲೋ ಕಾಣದ ಕೊಂಡಿಯಿದೆ, ಅದನ್ನು ಹುಡುಕಬೇಕು.

ಆಸ್ಪತ್ರೆಯ ಸಾಮಾನ್ಯ ಲ್ಯಾಬ್ ವರದಿಯಿಂದ ಇದನ್ನು ಹೇಳಲಾಗುವುದಿಲ್ಲ. ಕಲ್ಚರ್ ವರದಿಯಲ್ಲಿ ಬ್ಯಾಕ್ಟೀರಿಯದ ಜಾತಿ, ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕಿಲ್ಲ ಎಂಬುದಷ್ಟೇ ಇರುತ್ತದೆ. ಡಿಎನ್‌ಎಯನ್ನು ತುಂಡರಿಸಿ ಪಟ್ಟೆಗಳ ವಿನ್ಯಾಸ ನೋಡುವ ಹಳೆಯ ವಿಧಾನವೂ ಇಲ್ಲಿ ಕೈಕೊಟ್ಟಿತು. ಆಗ ಅಮೆರಿಕದ ಆಸ್ಪತ್ರೆಗಳಲ್ಲಿ ಈ ನಿರೋಧವಿದ್ದ ಕ್ಲೆಬ್ಸಿಯೆಲ್ಲಾಗಳ ದೊಡ್ಡ ಪಾಲು ಎಸ್‌ಟಿ258 ಎಂಬ ಒಂದೇ ವಂಶಕ್ಕೆ ಸೇರಿತ್ತು. ಒಂದು ಊರಿನವರೆಲ್ಲರಿಗೂ ಒಂದೇ ಮನೆತನದ ಹೆಸರಿದ್ದರೆ, ಹೆಸರು ನೋಡಿ ಯಾರ ಮಗ ಯಾರೆಂದು ಹೇಳುವುದು ಹೇಗೆ? ಪಟ್ಟೆಗಳೂ ಹಾಗೇ ಒಂದನ್ನೊಂದು ಹೋಲುತ್ತಿದ್ದವು.

ಜೂಲಿ ಸೆಗ್ರೆ, ಇವಾನ್ ಸ್ನಿಟ್ಕಿನ್ ಮತ್ತು ಸಂಗಡಿಗರು ಆಗ ಬ್ಯಾಕ್ಟೀರಿಯದ ಇಡೀ ಜೀನೋಮನ್ನೇ ಓದಲು ಹೊರಟರು.

ಈ ಓದು ಶುರುವಾಗುವುದು ಲ್ಯಾಬಿನ ಮಾಮೂಲಿ ತಟ್ಟೆಯಿಂದಲೇ. ರೋಗಿಯ ಸ್ಯಾಂಪಲನ್ನು ತಟ್ಟೆಯಲ್ಲಿ ಗೀರಿ ರಾತ್ರಿಯಿಡೀ ಬೆಚ್ಚಗಿಟ್ಟರೆ ಬೆಳಿಗ್ಗೆ ಅಂಟಂಟಾದ ದುಂಡು ಬೊಟ್ಟುಗಳು ಮೂಡಿರುತ್ತವೆ. ಪ್ರತಿ ಬೊಟ್ಟೂ ಒಂದೇ ಜೀವಕೋಶದಿಂದ ಹುಟ್ಟಿದ ಸಂತಾನ. ಅಂಥ ಒಂದು ಬೊಟ್ಟನ್ನು ಎತ್ತಿ ಬೇರೆಯಾಗಿ ಬೆಳೆಸಿ, ಡಿಎನ್‌ಎ ತೆಗೆದು, ಚೂರು ಮಾಡಿ ಯಂತ್ರಕ್ಕೆ ಕೊಡುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಯಂತ್ರಗಳು ಒಂದೊಂದು ಚೂರಿನಿಂದ ಸುಮಾರು 150 ಅಕ್ಷರ ಓದುತ್ತವೆ. ಕ್ಲೆಬ್ಸಿಯೆಲ್ಲಾದ ಜೀನೋಮಿನಲ್ಲಿರುವುದು ಸುಮಾರು 55 ಲಕ್ಷ ಅಕ್ಷರ. ಒಂದೊಂದು ಜಾಗವೂ ಹತ್ತಾರು ಚೂರುಗಳಲ್ಲಿ ಮತ್ತೆ ಮತ್ತೆ ಬರುವಷ್ಟು ಓದಿಸುತ್ತಾರೆ. ಒಂದು ಚೂರಿನಲ್ಲಿ ಯಂತ್ರ ತಪ್ಪು ಓದಿದ್ದರೆ ಉಳಿದವು ಅದನ್ನು ತೋರಿಸಿಕೊಡುತ್ತವೆ. ಆಮೇಲೆ ಕಂಪ್ಯೂಟರ್ ಈ ಚೂರುಗಳನ್ನು ಒಂದರ ಅಂಚಿಗೊಂದು ಹೊಂದಿಸಿ ಉದ್ದನೆಯ ತುಣುಕುಗಳನ್ನು ಕಟ್ಟುತ್ತದೆ.

ಕಟ್ಟಿದ ಜೀನೋಮಿಗೆ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಔಷಧವನ್ನು ಸೋಲಿಸುವ ಜೀನ್ ಯಾವುದು? ಇಲ್ಲಿಯವರೆಗೆ ಪತ್ತೆಯಾದ ಸಾವಿರಾರು ನಿರೋಧಕ ಜೀನ್‌ಗಳ ಪಟ್ಟಿಯ ಜೊತೆ ತಾಳೆ ನೋಡಿದರೆ ಅದು ಸಿಗುತ್ತದೆ. ಬೆಥೆಸ್ಡಾದ ಬ್ಯಾಕ್ಟೀರಿಯದಲ್ಲಿದ್ದದ್ದು ಕೆಪಿಸಿ ಜೀನ್. ನಾರ್ತ್ ಕೆರೊಲಿನಾದಲ್ಲಿ 1996ರಲ್ಲಿ ಸಂಗ್ರಹಿಸಿದ ಬ್ಯಾಕ್ಟೀರಿಯದಲ್ಲಿ ಅದು ಮೊದಲು ಪತ್ತೆಯಾಗಿತ್ತು. ಅದು ಮೆರೊಪೆನೆಮ್ ಅಣುವನ್ನು ಕತ್ತರಿಸಿ ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಯಾರಿಸುತ್ತದೆ. ಎರಡನೆಯ ಪ್ರಶ್ನೆ ನಂಟಿನದು: ಈ ರೋಗಿಯ ಬ್ಯಾಕ್ಟೀರಿಯಕ್ಕೂ ಆ ರೋಗಿಯದಕ್ಕೂ ಎಷ್ಟು ಅಕ್ಷರಗಳ ವ್ಯತ್ಯಾಸ?

ಬ್ಯಾಕ್ಟೀರಿಯ ಒಡೆದು ಎರಡಾಗುವಾಗ ಡಿಎನ್‌ಎ ನಕಲು ಮಾಡಿಕೊಳ್ಳುತ್ತದೆ. ಅಪರೂಪಕ್ಕೆ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಕ್ಲೆಬ್ಸಿಯೆಲ್ಲಾದಲ್ಲಿ ಉಳಿದುಕೊಳ್ಳುವ ಇಂಥ ತಪ್ಪುಗಳು ವರ್ಷಕ್ಕೆ ಕೆಲವೇ ಕೆಲವು. ಆದರೆ ಒಮ್ಮೆ ಆದ ತಪ್ಪು ಮಕ್ಕಳು ಮೊಮ್ಮಕ್ಕಳಿಗೆ ಹಾಗೇ ಸಾಗುತ್ತದೆ. ಹಳೆಯ ಕಾಲದಲ್ಲಿ ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟು ಯಾವ ಪ್ರತಿಯಿಂದ ಯಾವುದು ನಕಲಾಯಿತೆಂದು ವಿದ್ವಾಂಸರು ಹೇಳುತ್ತಿದ್ದುದೂ ಲಿಪಿಕಾರನ ತಪ್ಪುಗಳನ್ನು ನೋಡಿಯೇ.

ಬೆಥೆಸ್ಡಾದ ಎಲ್ಲ ರೋಗಿಗಳ ಬ್ಯಾಕ್ಟೀರಿಯಗಳನ್ನು ಹೋಲಿಸಿದಾಗ ಸಿಕ್ಕ ಬದಲಾವಣೆಗಳು ಬರೀ 40ರ ಆಸುಪಾಸು. ಎಲ್ಲವೂ ಒಂದೇ ಮೂಲದಿಂದ ಬಂದವೆಂದು ಹೇಳಲು ಅಷ್ಟು ಸಾಕಾಯಿತು. ಯಾರಿಂದ ಯಾರಿಗೆ ಎಂದು ತಿಳಿಯಲು ಮಾತ್ರ ಇನ್ನೊಂದು ಸಂಗತಿ ನೆರವಾಯಿತು. ಮೊದಲ ರೋಗಿಯ ದೇಹದ ಬೇರೆ ಬೇರೆ ಜಾಗಗಳಿಂದ ತೆಗೆದ ಸ್ಯಾಂಪಲ್‌ಗಳನ್ನು ಲ್ಯಾಬ್ ಉಳಿಸಿಕೊಂಡಿತ್ತು. ಒಬ್ಬರದೇ ದೇಹದಲ್ಲಿದ್ದರೂ ಅವುಗಳ ನಡುವೆ ಕೆಲವು ಅಕ್ಷರಗಳ ವ್ಯತ್ಯಾಸವಿತ್ತು.

ಈ ಲೆಕ್ಕಾಚಾರ ಹೇಗೆ ನಡೆಯುತ್ತದೆಂದು ಒಂದು ಸರಳ ಉದಾಹರಣೆಯಿಂದ ನೋಡಬಹುದು. ಮೊದಲ ರೋಗಿಯ ಗಂಟಲಿನ ಬ್ಯಾಕ್ಟೀರಿಯದಲ್ಲಿ ಒಂದು ತಪ್ಪು, ಶ್ವಾಸಕೋಶದ್ದರಲ್ಲಿ ಇನ್ನೊಂದು ತಪ್ಪು ಇದೆಯೆನ್ನಿ. ರಾಮಣ್ಣನಲ್ಲಿ ಸಿಕ್ಕಿದ್ದಕ್ಕೆ ಗಂಟಲಿನ ತಪ್ಪಿನ ಜೊತೆ ಹೊಸದೊಂದು ತಪ್ಪು ಸೇರಿದೆ. ಸೀತಮ್ಮನಲ್ಲಿ ಸಿಕ್ಕಿದ್ದರಲ್ಲಿ ಆ ಎರಡೂ ಇವೆ, ಮೂರನೆಯದೂ ಇದೆ. ಅಲ್ಲಿಗೆ ಸೋಂಕು ರಾಮಣ್ಣನ ಕಡೆಯಿಂದ ಸೀತಮ್ಮನ ಕಡೆಗೆ ಹೋಗಿರಬೇಕೇ ಹೊರತು ತಿರುಗುಮುರುಗಾಗಿ ಅಲ್ಲ. ಲ್ಯಾಬಿನಲ್ಲಿ ಸೀತಮ್ಮನ ವರದಿ ಮೊದಲು ಬಂದಿದ್ದರೂ ಈ ಮಾತು ಬದಲಾಗದು. ಇನ್ನು ಕರಿಯಪ್ಪನ ಬ್ಯಾಕ್ಟೀರಿಯದಲ್ಲಿ ಶ್ವಾಸಕೋಶದ ತಪ್ಪಿದೆ, ಗಂಟಲಿನದು ಇಲ್ಲ. ಅವನಿಗೆ ಈ ಇಬ್ಬರಿಂದ ಬಂದಿಲ್ಲ. ಮೊದಲ ರೋಗಿಯಿಂದಲೇ ಬೇರೊಂದು ದಾರಿಯಲ್ಲಿ ಬಂದಿದೆ.

ಈ ಬಗೆಯ ತರ್ಕದಿಂದ ತಂಡಕ್ಕೆ ಕಂಡ ಸತ್ಯ ಅಹಿತಕರವಾಗಿತ್ತು. ಅಷ್ಟೆಲ್ಲ ಎಚ್ಚರದ ನಡುವೆಯೂ ಮೊದಲ ರೋಗಿಯಿಂದ ಒಂದಲ್ಲ, ಮೂರು ಬಾರಿ ಬೇರೆ ಬೇರೆಯಾಗಿ ಬ್ಯಾಕ್ಟೀರಿಯ ದಾಟಿತ್ತು. ಆ ಮೂರು ವಾರದ ಮೌನದಲ್ಲಿ ಅದು ಎಲ್ಲಿಗೂ ಹೋಗಿರಲಿಲ್ಲ. ಕ್ಲೆಬ್ಸಿಯೆಲ್ಲಾ ಕರುಳಿನಲ್ಲಿ ವಾರಗಟ್ಟಲೆ ಸುಮ್ಮನೆ ನೆಲೆಸಬಲ್ಲದು. ಜ್ವರವಿಲ್ಲ, ಕೀವಿಲ್ಲ, ಹಾಗಾಗಿ ಕಲ್ಚರ್‌ಗೆ ಕಳಿಸುವ ಕಾರಣವೂ ಯಾರಿಗೂ ಹೊಳೆಯುವುದಿಲ್ಲ. ಕಾಯಿಲೆ ಬಿದ್ದವರನ್ನಷ್ಟೇ ಎಣಿಸಿದರೆ ಸರಪಳಿಯ ನಡುವಿನ ಕೊಂಡಿಗಳು ಕಾಣುವುದೇ ಇಲ್ಲ.

ಆಸ್ಪತ್ರೆ ಆರೋಗ್ಯವಾಗಿ ಕಾಣುವ ರೋಗಿಗಳಿಂದಲೂ ಮಲದ್ವಾರದ ಸ್ವಾಬ್ ತೆಗೆದು ಪರೀಕ್ಷಿಸತೊಡಗಿತು. ಸೋಂಕಿದ್ದವರನ್ನು ಗೋಡೆ ಕಟ್ಟಿ ಬೇರೆ ಮಾಡಿತು, ಅವರನ್ನು ನೋಡಿಕೊಳ್ಳುವ ನರ್ಸ್‌ಗಳು ಬೇರೆ ಕಡೆ ಹೋಗದಂತೆ ನೋಡಿಕೊಂಡಿತು. ಪ್ರತಿಯೊಬ್ಬರೂ ಕೈ ತೊಳೆಯುತ್ತಾರೋ ಇಲ್ಲವೋ ಎಂದು ನೋಡಲಿಕ್ಕೆಂದೇ ಜನರನ್ನು ನಿಲ್ಲಿಸಿತು. ಸಲಕರಣೆಗಳನ್ನೂ ಪರೀಕ್ಷಿಸಿದಾಗ, ಶುಚಿ ಮಾಡಿಟ್ಟಿದ್ದ ಒಂದು ವೆಂಟಿಲೇಟರ್ ಮೇಲೆ ಮತ್ತು ಸಿಂಕಿನ ಕೊಳವೆಗಳಲ್ಲಿ ಬ್ಯಾಕ್ಟೀರಿಯ ಸಿಕ್ಕಿತು. 2011ರ ಕೊನೆಯ ಹೊತ್ತಿಗೆ ಹರಡುವಿಕೆ ಹತೋಟಿಗೆ ಬಂತು. ಅಧ್ಯಯನ 2012ರಲ್ಲಿ ಪ್ರಕಟವಾಯಿತು.

ಹಾಗೆಂದು ಜೀನೋಮ್ ಒಂದೇ ತೀರ್ಪು ಕೊಡಲಾರದು. ಎರಡು ಕ್ಲೆಬ್ಸಿಯೆಲ್ಲಾಗಳ ನಡುವೆ ಇಪ್ಪತ್ತು, ಇಪ್ಪತ್ತೈದು ಅಕ್ಷರಗಳೊಳಗೆ ವ್ಯತ್ಯಾಸವಿದ್ದರೆ ಇತ್ತೀಚಿನ ನಂಟನ್ನು ಶಂಕಿಸುವುದು ವಾಡಿಕೆ. ಅದು ಶಂಕೆ ಮಾತ್ರ. ಇಬ್ಬರು ರೋಗಿಗಳು ಒಂದೇ ಐಸಿಯುನಲ್ಲಿ ಒಂದೇ ದಿನಗಳಲ್ಲಿ ಇದ್ದರೇ, ಒಂದೇ ಎಂಡೋಸ್ಕೋಪ್ ಬಳಸಿದರೇ ಎಂಬುದು ವಾರ್ಡ್ ರಿಜಿಸ್ಟರ್‌ನಿಂದಲೇ ತಿಳಿಯಬೇಕು. ಯಾರ ಕೈಯಿಂದ ದಾಟಿತು ಎಂಬುದು ಡಿಎನ್‌ಎಯಲ್ಲಿ ಬರೆದಿರುವುದಿಲ್ಲ.

ಓದಿನಲ್ಲೂ ಎಡವಟ್ಟುಗಳಾಗುತ್ತವೆ. 55 ಲಕ್ಷದ ಬದಲು 90 ಲಕ್ಷ ಅಕ್ಷರಗಳ ಜೀನೋಮ್ ಸಿಕ್ಕಿತೆಂದರೆ ಎರಡು ಬ್ಯಾಕ್ಟೀರಿಯ ಬೆರೆತಿವೆ ಎಂದು ಅರ್ಥ. ಮತ್ತೆ ಒಂಟಿ ಬೊಟ್ಟಿನಿಂದ ಶುರು ಮಾಡಬೇಕು. ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಮೆರೊಪೆನೆಮ್ ಕೈಕೊಟ್ಟಾಗ ಬಳಸುವ ಕೊಲಿಸ್ಟಿನ್‌ಗೆ ಕ್ಲೆಬ್ಸಿಯೆಲ್ಲಾ ನಿರೋಧ ಪಡೆಯುವುದು ಅನೇಕ ಸಲ ಹೊಸ ಜೀನ್ ಬಂದು ಸೇರಿದ್ದರಿಂದಲ್ಲ, ತನ್ನದೇ ಆದ ಎಂಜಿಆರ್‌ಬಿ ಎಂಬ ಪುಟ್ಟ ಜೀನ್ ಕೆಟ್ಟಿದ್ದರಿಂದ. ಅದರ ನಡುವೆ ಬೇರೊಂದು ಡಿಎನ್‌ಎ ತುಂಡು ನುಗ್ಗಿದ್ದರೆ ಕಂಪ್ಯೂಟರ್ ಕಟ್ಟಿದ ಜೀನೋಮ್ ಸರಿಯಾಗಿ ಅಲ್ಲೇ ತುಂಡಾಗಿ ನಿಲ್ಲಬಹುದು. ಪಟ್ಟಿಯಲ್ಲಿ ನಿರೋಧಕ ಜೀನ್ ಕಾಣದೆ 'ನಿರೋಧವಿಲ್ಲ' ಎಂದು ಬರೆದುಬಿಟ್ಟರೆ ರೋಗಿಗೆ ಕೆಲಸ ಮಾಡದ ಔಷಧ ಹೋಗುತ್ತದೆ. ಹೀಗಾಗಿ ತಟ್ಟೆಯ ಮೇಲಿನ ಔಷಧ ಪರೀಕ್ಷೆಯನ್ನು ಯಾರೂ ಬಿಟ್ಟಿಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಪ್ಲಾಸ್ಮಿಡ್. ಬ್ಯಾಕ್ಟೀರಿಯದ ಮುಖ್ಯ ಜೀನೋಮಿನ ಪಕ್ಕದಲ್ಲಿ ಉಂಗುರದಂತಿರುವ ಈ ಪುಟ್ಟ ಡಿಎನ್‌ಎ ಕೆಪಿಸಿಯಂಥ ಜೀನನ್ನು ಹೊತ್ತು ಒಂದು ಜಾತಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಆಗ ಒಬ್ಬ ರೋಗಿಯಲ್ಲಿ ಕ್ಲೆಬ್ಸಿಯೆಲ್ಲಾ, ಪಕ್ಕದವನಲ್ಲಿ ಇ. ಕೊಲೈ ಇದ್ದರೂ ಇಬ್ಬರಲ್ಲಿರುವ ಜೀನಿಗೆ ನಂಟಿರಬಹುದು. ಮುಖ್ಯ ಜೀನೋಮಿನ ಅಕ್ಷರ ಎಣಿಸಿದವರಿಗೆ ಅದು ಕಾಣದು. ಚಿಕ್ಕ ಚೂರುಗಳಿಂದ ಉಂಗುರವನ್ನು ಪೂರ್ತಿ ಕಟ್ಟುವುದೂ ಕಷ್ಟ. ಅದಕ್ಕೇ ಬೆಥೆಸ್ಡಾದ ತಂಡ 2014ರಲ್ಲಿ ಸಾವಿರಾರು ಅಕ್ಷರಗಳನ್ನು ಒಂದೇ ಎಳೆಯಲ್ಲಿ ಓದುವ ಯಂತ್ರವನ್ನು ಬಳಸಿ ಇಡೀ ಪ್ಲಾಸ್ಮಿಡ್‌ಗಳನ್ನೇ ಹೋಲಿಸಿತು.

ನಮ್ಮಲ್ಲಿ ಕೆಪಿಸಿಗಿಂತ ಹೆಚ್ಚು ಕಾಡುವುದು ಎನ್‌ಡಿಎಂ ಮತ್ತು ಒಎಕ್ಸ್‌ಎ-48 ಕುಟುಂಬದ ಜೀನ್‌ಗಳು. ಬೆಂಗಳೂರಿನ ಕಿಮ್ಸ್ ಕಾಲೇಜಿನ ಕೇಂದ್ರ ಸಂಶೋಧನಾ ಪ್ರಯೋಗಾಲಯವು ಕೊಲಂಬಿಯಾ, ನೈಜೀರಿಯಾ, ಫಿಲಿಪ್ಪೀನ್ಸ್‌ಗಳ ಲ್ಯಾಬ್‌ಗಳ ಜೊತೆಗೂಡಿ ಭಾರತದ ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾ ಜೀನೋಮ್‌ಗಳನ್ನು ಓದಿದೆ. ಅಲ್ಲಿ ಎದ್ದು ಕಂಡ ವಂಶ ಎಸ್‌ಟಿ258 ಅಲ್ಲ, ಒಎಕ್ಸ್‌ಎ-232 ಜೀನ್ ಹೊತ್ತ ಎಸ್‌ಟಿ231.

ಆದರೆ ಒಂದು ವಾರ್ಡಿನೊಳಗಿನ ಸರಪಳಿಯನ್ನು ಬಿಡಿಸಲು ಯಂತ್ರಕ್ಕಿಂತ ಮೊದಲು ಬೇಕಾದದ್ದು ಬ್ಯಾಕ್ಟೀರಿಯವೇ. ವರದಿ ಕೊಟ್ಟು ಕೆಲವು ದಿನ ಕಳೆದರೆ ಕಲ್ಚರ್ ತಟ್ಟೆಗಳು ಆಟೊಕ್ಲೇವ್‌ಗೆ ಹೋಗಿ ಕಸವಾಗುವುದು ಎಲ್ಲ ಲ್ಯಾಬ್‌ಗಳ ದಿನಚರಿ. ಬೆಥೆಸ್ಡಾದಲ್ಲಿ ಮೊದಲ ರೋಗಿ ಮನೆಗೆ ಹೋದ ಮೇಲೂ ಆಕೆಯ ಗಂಟಲಿನದು, ಮೂತ್ರದ್ದು, ಶ್ವಾಸಕೋಶದ್ದು ಎಂದು ಬೇರೆ ಬೇರೆ ಸ್ಯಾಂಪಲ್‌ಗಳ ಬ್ಯಾಕ್ಟೀರಿಯ ಉಳಿದಿತ್ತು. ಒಂದೇ ಒಂದು ಸ್ಯಾಂಪಲ್ ಉಳಿದಿದ್ದರೆ ಮೂಲ ಒಂದೇ ಎಂಬುದೇನೋ ತಿಳಿಯುತ್ತಿತ್ತು, ಆಕೆಯಿಂದ ಮೂರು ಬಾರಿ ದಾಟಿತ್ತು ಎಂಬುದು ತಿಳಿಯುತ್ತಿರಲಿಲ್ಲ.