ನೂಲಿದೆ, ಕೂಲಿಗೆ ಕಾಸಿಲ್ಲ

ನೇಕಾರರ ಸಹಕಾರ ಸಂಘದಲ್ಲಿ ಬಟವಾಡೆಯ ದಿನ ಮೊದಲು ಮಾತಾಡುವುದು ತಕ್ಕಡಿ. ನೇಕಾರ ತಂದ ಬಟ್ಟೆಯನ್ನು ಕಾರ್ಯದರ್ಶಿ ಮೇಜಿನ ಮೇಲೆ ಹರವಿ ಎಳೆ ತಪ್ಪಿದೆಯೇ, ಅಂಚು ಎಳೆದಿದೆಯೇ ಎಂದು ನೋಡುತ್ತಾರೆ, ಅಳೆಯುತ್ತಾರೆ, ತೂಗುತ್ತಾರೆ. ಕೊಟ್ಟ ನೂಲಿನ ತೂಕಕ್ಕೂ ಬಂದ ಬಟ್ಟೆಯ ತೂಕಕ್ಕೂ ತಾಳೆ ನೋಡಿ, ವೇಸ್ಟು ಕಳೆದು, ಮೀಟರಿಗೆ ಇಷ್ಟು ಎಂದು ಕೂಲಿ ಬರೆಯುತ್ತಾರೆ. ಅಲ್ಲಿಗೆ ನೇಕಾರನ ಪಾಲಿನ ಕೆಲಸ ಮುಗಿಯಿತು. ಸಂಘದ ದುಡ್ಡಿನ ಪ್ರಯಾಣ ಮಾತ್ರ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಆ ಬಟ್ಟೆ ಮಾರಾಟವಾಗಿ, ಕೊಂಡವರು ಹಣ ಕೊಡುವ ತನಕ ನೂಲಿಗೂ ಕೂಲಿಗೂ ಹಾಕಿದ ಹಣ ಹೊರಗೇ ಉಳಿಯುತ್ತದೆ. ಹಾಗೆ ಹೊರಗಿರುವ ಹಣವೇ ದುಡಿಯುವ ಬಂಡವಾಳ. ಅದನ್ನು ಎಷ್ಟೆಂದು ಮುಂಚೆಯೇ ಎಣಿಸಿಡುವ ಪದ್ಧತಿ ಬೆಳೆದು ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದರಲ್ಲಿ ಒಂದು ತೂತು ಇಂದಿಗೂ ಉಳಿದಿದೆ.

ಮೊದಲು ಈ ಹಣ ಹಾಕುತ್ತಿದ್ದವನು ಸಾಹುಕಾರ. ನೂಲು ಅವನದು, ಬಟ್ಟೆಯೂ ಅವನದೇ. ಮುಂಗಡ ತೀರುವವರೆಗೆ ನೇಕಾರ ಬೇರೆಯವರಿಗೆ ನೇಯುವಂತಿರಲಿಲ್ಲ. ಈ ಗಂಟು ಬಿಡಿಸಲು ಸಹಕಾರ ಸಂಘ ಬಂತಾದರೂ 1904ರ ಬ್ರಿಟಿಷ್ ಇಂಡಿಯಾದ ಕಾಯ್ದೆ ಸಾಲ ಕೊಡುವ ಸಂಘಗಳಿಗಷ್ಟೇ ಅವಕಾಶ ಕೊಟ್ಟಿತ್ತು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ್ದೂ ಸಾಲದ ಸಂಘವೇ. ಸಂಘವೇ ನೂಲು ಕೊಂಡು, ನೇಯಿಸಿ, ಮಾರಲು ಹೊಸ ಕಾನೂನು ಬೇಕಾಯಿತು. ಅದು ಬಂದದ್ದು 1912ರಲ್ಲಿ.

ನೂಲಿನ ಚಿಂತೆ ಬೇರೆಲ್ಲವನ್ನೂ ನುಂಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಪಿ.ಜೆ. ಥಾಮಸ್ ಅಧ್ಯಕ್ಷತೆಯ ಸಮಿತಿ ಆಗಷ್ಟೇ ಕೈಮಗ್ಗದ ಸ್ಥಿತಿಯನ್ನು ದೇಶದುದ್ದಕ್ಕೂ ಪರಿಶೀಲಿಸಿತ್ತು. 1943ರಲ್ಲಿ ಬಟ್ಟೆ ಮತ್ತು ನೂಲಿಗೆ ನಿಯಂತ್ರಣ ಬಂತು. ನೂಲು ಸಿಗುವ ದಾರಿಯೆಂದೇ ಜನ ಸಂಘಗಳ ಕಡೆ ನೋಡಿದರು. ಸ್ವಾತಂತ್ರ್ಯದ ನಂತರ, 1952ರಲ್ಲಿ, ಅಖಿಲ ಭಾರತ ಕೈಮಗ್ಗ ಮಂಡಳಿ ಹುಟ್ಟಿತು. ಮರುವರ್ಷ ಗಿರಣಿ ಬಟ್ಟೆಯ ಮೇಲೆ ಸೆಸ್ ಹಾಕಿ, ಆ ಹಣವನ್ನು ಕೈಮಗ್ಗಕ್ಕೂ ಖಾದಿಗೂ ತಿರುಗಿಸಲಾಯಿತು. 1957ರ ಹೊತ್ತಿಗೆ ರಿಸರ್ವ್ ಬ್ಯಾಂಕು ಸಹಕಾರಿ ಬ್ಯಾಂಕುಗಳ ಮೂಲಕ ನೇಕಾರರ ಸಂಘಗಳಿಗೆ ಸಾಲದ ಮಿತಿ ಕೊಡತೊಡಗಿತು. 1982ರಲ್ಲಿ ಆ ಹೊಣೆ ನಬಾರ್ಡಿಗೆ ಹೋಯಿತು.

ಆ ಕಾಲದ ಅಳತೆಗೋಲು ಮಗ್ಗ. ಸಂಘದಲ್ಲಿ ದುಡಿಯುವ ಮಗ್ಗ ಎಷ್ಟು, ಮಗ್ಗಕ್ಕೆ ಇಷ್ಟು ರೂಪಾಯಿ, ಗುಣಿಸಿದರೆ ಮಿತಿ. ಎಣಿಸಲು ಸುಲಭವಾದ ಈ ಲೆಕ್ಕದಲ್ಲಿ ದಿನಗಳಿಗೆ ಜಾಗವಿರಲಿಲ್ಲ. ಜಗಳೂರು–ಚಳ್ಳಕೆರೆ ಸೀಮೆಯ ಕಂಬಳಿ ಮಗ್ಗವನ್ನೇ ನೋಡಿ. ಕುರಿಯ ಉಣ್ಣೆ ಕತ್ತರಿಸುವ ಕಾಲದಲ್ಲೇ ಅದನ್ನು ಕೊಂಡಿಡಬೇಕು. ನೂತು, ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ, ಒಣಗಿಸಿ, ನೇಯ್ದ ಕಂಬಳಿಗೆ ಗಿರಾಕಿ ಬರುವುದು ಮಳೆ ಚಳಿ ಹಿಡಿದ ಮೇಲೆ. ಹತ್ತಿ ನೇಯುವ ಸಂಘ ತಿಂಗಳಿಗೊಮ್ಮೆ ನೂಲು ತರಿಸಿಕೊಂಡರೆ ನಡೆಯುತ್ತದೆ. ಇವೆರಡಕ್ಕೂ ಮಗ್ಗ ಒಂದೇ ಆದರೂ ಹಣ ಸಿಕ್ಕಿಕೊಳ್ಳುವ ದಿನಗಳು ಒಂದೇ ಅಲ್ಲ.

ದಿನಗಳನ್ನು ಹಿಡಿದು ಲೆಕ್ಕ ಹಾಕಿದರೆ ಏನು ಕಾಣುತ್ತದೆಂದು ನೋಡೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಂಥ ಊರಿನಲ್ಲಿ 20 ಮಗ್ಗಗಳ ಒಂದು ಹತ್ತಿ ನೇಕಾರರ ಸಂಘವಿದೆ ಎಂದಿಟ್ಟುಕೊಳ್ಳಿ. ಸಂಘವೂ ಅಂಕಿಗಳೂ ಲೆಕ್ಕ ತಿಳಿಯಲೆಂದು ಹಿಡಿದವು. ತಿಂಗಳಿಗೆ 2,500 ಮೀಟರ್ ಬಟ್ಟೆ. ನೂಲಿಗೆ 1,20,000 ರೂಪಾಯಿ, ನೇಯ್ಗೆ, ಕಂಡಿಕೆ, ಹಾಸು ಹಾಕುವ ಕೂಲಿ ಸೇರಿ 1,25,000, ಬಣ್ಣ ಸಾಗಣೆ ಇತ್ಯಾದಿಗೆ 15,000. ಒಟ್ಟು ತಿಂಗಳ ಖರ್ಚು 2,60,000. ಮಾರಾಟದಿಂದ ಬರಬೇಕಾದದ್ದು 2,90,000. ಅಂದರೆ ಸಂಘಕ್ಕೆ ಉಳಿಯುವುದು 30,000.

ಈಗ ಹಣ ಎಲ್ಲೆಲ್ಲಿ ಕೂತಿದೆ ನೋಡಿ. ನೂಲು ಒಂದು ತಿಂಗಳು ದಾಸ್ತಾನಿನಲ್ಲಿರುತ್ತದೆ, ಅಲ್ಲಿ 1,20,000. ಹಾಸು ಹಾಕಿದ್ದರಿಂದ ಬಟ್ಟೆ ಇಳಿಯುವವರೆಗೆ ಇನ್ನೊಂದು ತಿಂಗಳು. ಅಲ್ಲಿ ನೂಲಿನ ಪೂರ್ತಿ ಬೆಲೆಯೂ ಕೂಲಿ ಮತ್ತು ಇತರ ಖರ್ಚಿನ ಅರ್ಧವೂ ಸೇರಿ 1,90,000. ಸಿದ್ಧ ಬಟ್ಟೆ ಗೋದಾಮಿನಲ್ಲಿ 15 ದಿನ, ಅದು 1,30,000. ಕೊಂಡವರು 45 ದಿನಕ್ಕೆ ಹಣ ಕೊಟ್ಟರೆ ಅವರ ಬಳಿ ಉಳಿದಿರುವ ನಮ್ಮ ಖರ್ಚು 3,90,000. ಎಲ್ಲ ಕೂಡಿದರೆ 8,30,000 ರೂಪಾಯಿ. ಇದು ಸಂಘದ ಬಜೆಟ್ಟು. ಇಷ್ಟಿದ್ದರೆ ಮಗ್ಗ ನಿಲ್ಲುವುದಿಲ್ಲ.

ಅದೇ ಗಿರಾಕಿ 150 ದಿನ ತೆಗೆದುಕೊಂಡರೆ? ನೂಲಿನ ದರ ಏರಿಲ್ಲ, ಕೂಲಿ ಏರಿಲ್ಲ. ಬಾಕಿ ಮಾತ್ರ 13,00,000ಕ್ಕೆ ಬೆಳೆಯುತ್ತದೆ, ಒಟ್ಟು ಅಗತ್ಯ 17,40,000 ಆಗುತ್ತದೆ. ಹೆಚ್ಚಿಗೆ ಬೇಕಾದ 9,10,000ಕ್ಕೆ ಶೇ 10ರ ಬಡ್ಡಿ ಹಿಡಿದರೂ ವರ್ಷಕ್ಕೆ 91,000. ತಿಂಗಳಿಗೆ ಉಳಿಯುತ್ತಿದ್ದ 30,000ದಲ್ಲಿ ಕಾಲು ಭಾಗ ಬಡ್ಡಿಗೇ ಹೋಯಿತು. ಇದೂ ಸಾಲ ಸಿಕ್ಕರೆ ಮಾತ್ರ.

ಸಾಲ ಸಿಗದಿದ್ದರೆ ಮೊದಲು ಒಣಗುವುದು ನೂಲಲ್ಲ. ನೂಲು ತಿಂಗಳಿಗಾಗುವಷ್ಟು ಒಳಗೇ ಇರುತ್ತದೆ, ಅದಕ್ಕೆ ಕೊಟ್ಟ ಹಣವೂ ಆಗಲೇ ಹೋಗಿರುತ್ತದೆ. ಆದರೆ ಕೂಲಿಗೆ ವಾರ ವಾರವೂ ಹೊಸ ನೋಟು ಬೇಕು. 46ನೇ ದಿನ ಹಣ ಬರಲಿಲ್ಲವೆಂದರೆ ಮುಂದಿನ ಬಟವಾಡೆಗೆ 31,000 ರೂಪಾಯಿ ಇರುವುದಿಲ್ಲ. ಬೀರುವಿನಲ್ಲಿ ಲಡಿಗಳಿರುತ್ತವೆ, ಕೂಲಿಗೆ ಕಾಸಿರುವುದಿಲ್ಲ. ಕೂಲಿ ಸಿಗದ ನೇಕಾರ ಮತ್ತೆ ಹೋಗಿ ನಿಲ್ಲುವುದು ಸಾಹುಕಾರನ ಬಾಗಿಲಿಗೆ. ಸಂಘ ಯಾವ ಗಂಟನ್ನು ಬಿಡಿಸಲು ಹುಟ್ಟಿತೋ ಅದೇ ಗಂಟು ಮತ್ತೆ ಬೀಳುತ್ತದೆ.

ಬ್ಯಾಂಕು ಈ ಹೊತ್ತಿನಲ್ಲಿ ಕೈಹಿಡಿಯುತ್ತದೆಂದು ನಂಬುವಂತಿಲ್ಲ. ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಎಷ್ಟು ತೆಗೆಯಬಹುದೆಂಬುದು ದಾಸ್ತಾನು ಮತ್ತು ಬಾಕಿಯ ಮೇಲೆ ನಿಂತಿರುತ್ತದೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಾಕಿ ಹಳತಾದಷ್ಟೂ ಹಣದ ಅಗತ್ಯ ಹೆಚ್ಚುತ್ತದೆ, ಸಿಗುವ ಹಣ ಕಡಿಮೆಯಾಗುತ್ತದೆ. ಆದ್ದರಿಂದ ಕಾರ್ಯದರ್ಶಿಯ ಮೇಜಿನ ಮೇಲೆ ಇರಲೇಬೇಕಾದ ಪುಸ್ತಕ ಬಾಕಿಯ ವಯಸ್ಸಿನ ಪಟ್ಟಿ. 45 ದಿನದೊಳಗಿನವು, 46ರಿಂದ 90, ಅದಕ್ಕೂ ಮೇಲಿನವು ಎಂದು ಮೂರು ಕಾಲಂ ಸಾಕು. ನಡುವಿನ ಕಾಲಂ ತುಂಬತೊಡಗಿದಾಗಲೇ ಹೊಸ ಆರ್ಡರಿಗೆ ಮುಂಗಡ ಕೇಳಬೇಕು. ಕೊನೆಯ ಕಾಲಂ ತುಂಬುವವರೆಗೆ ಕಾದರೆ ಕೇಳುವ ಬಲ ಉಳಿಯುವುದಿಲ್ಲ.

ಗಿರಾಕಿ ತಡವಾಗಿ ಹಣ ಕೊಡುವ ಈ ತೂತಿಗೆ ಕಾನೂನಿನ ತೇಪೆ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿದೆ. ಒಪ್ಪಂದ ಏನೇ ಇರಲಿ, ಸರಕು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸಣ್ಣ ಉತ್ಪಾದಕರ ಸರಕು ಮಾರುವ ಸಹಕಾರ ಸಂಘವನ್ನೂ ಆ ಕಾಯ್ದೆ ಪೂರೈಕೆದಾರ ಎಂದೇ ಕರೆಯುತ್ತದೆ. ಉದ್ಯಮ್ ನೋಂದಣಿಯನ್ನು ಆರ್ಡರು ಹಿಡಿಯುವ ಮೊದಲೇ ಮಾಡಿಸಿರಬೇಕು. ವಿವಾದವಾದ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ಅದನ್ನು ನೆಚ್ಚಲಾಗದು.

ಆದರೂ ದೂರು ಕೊಡಲು ಸಂಘಗಳು ಹಿಂಜರಿಯುತ್ತವೆ. ಒಬ್ಬರೇ ದೊಡ್ಡ ಗಿರಾಕಿ ಇದ್ದಲ್ಲಿ ಆ ಹಿಂಜರಿಕೆ ನ್ಯಾಯವಾದದ್ದೇ. ಅಂಥ ಸಂಘ ಬಜೆಟ್ಟು ಬರೆಯುವಾಗ ಗಿರಾಕಿ ಬಾಯಲ್ಲಿ ಹೇಳಿದ 45 ದಿನವನ್ನು ಬರೆಯಬಾರದು. ಕಳೆದ ವರ್ಷದ ಕಿರ್ದಿ ತೆಗೆದು, ಅದೇ ಗಿರಾಕಿಯ ಬಿಲ್ಲು ಹೋದ ತಾರೀಕಿಗೂ ಹಣ ಬಂದ ತಾರೀಕಿಗೂ ನಡುವೆ ಎಷ್ಟು ದಿನವೆಂದು ಎಣಿಸಿ, ಆ ಅಂಕಿಯನ್ನೇ ಬರೆಯಬೇಕು. ಆಗ ಬರುವ ಮೊತ್ತ ಕೈಗೆ ಎಟುಕದಿದ್ದರೆ ಆ ಆರ್ಡರಿಗೆ 20 ಮಗ್ಗವನ್ನೂ ಕಟ್ಟಬಾರದು. ನಾಲ್ಕಾರು ಮಗ್ಗವಾದರೂ ನಗದು ಕೊಡುವ ಸಂತೆಯ ಗಿರಾಕಿಗೆ ನೇಯುತ್ತಿದ್ದರೆ, ಬಟವಾಡೆಯ ದಿನ ತೂಗಿದ ಬಟ್ಟೆಗೆ ಅದೇ ದಿನ ಕೂಲಿ ಎಣಿಸಿ ಕೊಡಲು ದಾರಿಯಿರುತ್ತದೆ.